ಹೆಬ್ಬೆರಳಿನ ಪಕ್ಕದ ಬಾಣ

ನಮ್ಮ ಮೆಡಿಕಲ್ ಶಾಪಿನ ಫೋನಿಗೆ ಬರುವ ಫೋಟೋಗಳನ್ನು ನೋಡಿದರೆ ಚಂದ್ರಾ ಲೇಔಟಿನ ಯಾವ ಮನೆಯಲ್ಲಿ ಇವತ್ತು ಏನು ತಿಂಡಿ ಎಂದು ಹೇಳಿಬಿಡಬಹುದು. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಊಟದ ಮೇಜಿನ ಮೇಲೆ ಹರಡಿ ಫೋಟೋ ತೆಗೆಯುತ್ತಾರೆ. ಮೂಲೆಯಲ್ಲಿ ಅರ್ಧ ತಿಂದ ಅಕ್ಕಿರೊಟ್ಟಿ, ಇನ್ನೊಂದು ಮೂಲೆಯಲ್ಲಿ ಚಟ್ನಿ ಬಟ್ಟಲು, ನಡುವೆ ಚೀಟಿ. ಚಟ್ನಿಯಲ್ಲಿ ಸಾಸಿವೆ ಎಷ್ಟಿದೆ ಎಂದು ಎಣಿಸಬಹುದು, ಚೀಟಿ ಮಾತ್ರ ಮಸುಕು. ಜೊತೆಗೆ ಒಂದು ವಾಯ್ಸ್ ಮೆಸೇಜು: "ಅಣ್ಣ, ಇದ್ರಲ್ಲಿರೋದು ಕಳ್ಸಿ, ಬೇಗ." ಇಂಥ ಮೆಸೇಜು ಬಂದ ಕೂಡಲೇ ಅದೇ ದನಿಯಲ್ಲಿ ಅದನ್ನು ಇನ್ನೊಮ್ಮೆ ಹೇಳುವುದು ನನ್ನ ಅಭ್ಯಾಸ. ಅಂಗಡಿಯ ಒಡತಿ, ನಾನು ಮೇಡಂ ಎನ್ನುವವರು, ಬಿಲ್ಲಿನ ಮೇಲಿಂದ ತಲೆ ಎತ್ತದೆ ಹೇಳುತ್ತಾರೆ: "ಆಯ್ತಪ್ಪಾ, ಪ್ರದರ್ಶನ ಮುಗೀತಲ್ಲ, ಈಗ ಮಾತ್ರೆ ತೆಗಿ."

ನಾನು ಓದಿದ್ದು ಡಿ.ಫಾರ್ಮಾ, ಬಂದದ್ದು ಮಿಮಿಕ್ರಿ. ಒಂದು ಹೊಟ್ಟೆಗೆ, ಇನ್ನೊಂದು ಹೊಟ್ಟೆಯುರಿಗೆ, ಅಂದರೆ ಬೇರೆಯವರ ಹೊಟ್ಟೆಯುರಿಗೆ. ನನ್ನ ಬಾಯಿಗೆ ಬೀಳದವರು ಈ ಬೀದಿಯಲ್ಲಿ ಇಲ್ಲ. ಗ್ಯಾಸ್ ಮಾತ್ರೆ ಕೇಳಲು ಬಂದು ಮೊದಲು ತೇಗಿ ತೋರಿಸುವ ಅಂಕಲ್, ಪ್ರತಿ ಮಾತ್ರೆಗೂ "ಇದು ಹೀಟಾ?" ಎಂದು ಕೇಳುವ ಆಂಟಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅಮ್ಮ ಹೇಳುತ್ತಾಳೆ: "ಎಲ್ಲರ ದನೀನೂ ಬರತ್ತೆ ನಿಂಗೆ. ಒಂದ್ಸಲ ನಿನ್ ದನೀಲಿ ಮಾತಾಡೋ, ಯಾರೋ ಬಂದಿದಾರೆ ಅಂತ ಕಾಫಿ ಇಡ್ತೀನಿ."

ಈ ಚಾಳಿಯಿಂದ ನನಗೆ ಒಂದು ಉಪಯೋಗವಿದೆ. ಡಾಕ್ಟರ ಬರವಣಿಗೆಯನ್ನು ನಾನು ಕಣ್ಣಿನಿಂದ ಓದುವುದಿಲ್ಲ, ಕೈಯಿಂದ ಓದುತ್ತೇನೆ. ಅಕ್ಷರ ಗೊತ್ತಾಗದಿದ್ದರೆ ಪೆನ್ನು ಹಿಡಿದು, ಬಿಲ್ಲಿನ ಹಿಂಬದಿಯಲ್ಲಿ, ಬರೆದವರು ಹೇಗೆ ಬರೆದಿರಬಹುದೋ ಹಾಗೇ ಬರೆಯುತ್ತೇನೆ. ಅವಸರದ ಡಾಕ್ಟರಾದರೆ ಅವಸರದಲ್ಲಿ, ನಿದ್ದೆಗಣ್ಣಿನವರಾದರೆ ಕಣ್ಣು ಅರ್ಧ ಮುಚ್ಚಿ. ಎರಡು ಮೂರು ಸಲ ಬರೆಯುವಷ್ಟರಲ್ಲಿ ಮಣಿಕಟ್ಟಿಗೆ ಅವರ ವೇಗ ಬರುತ್ತದೆ, ಆಗ ಆ ಗೀಚು ಯಾವ ಅಕ್ಷರ ಎಂಬುದು ತಾನೇ ಹೊಳೆಯುತ್ತದೆ. ನಮ್ಮ ಸುತ್ತಮುತ್ತಲಿನ ಒಬ್ಬ ಡಾಕ್ಟರ 1-0-1 ಮೂಗಿನ ಮೇಲೆ ಕೂತ ಕನ್ನಡಕದಂತೆ ಇರುತ್ತದೆ; ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇನ್ನೊಬ್ಬರು ಅದನ್ನೇ ಬಿಡಿ (BD) ಎಂದು ಬರೆಯುತ್ತಾರೆ. ದಿನಕ್ಕೆ ಎರಡು ಸಲ. ಬೇಕೆನಿಸಿದಾಗ ಮಾತ್ರ ಎಂಬುದಕ್ಕೆ ಎಸ್‌ಓಎಸ್ (SOS). ಮುಳುಗುವ ಹಡಗಿನವರು ಕೂಗುವುದು ಅದನ್ನೇ ಆದ್ದರಿಂದ ಕೆಲವರು ಆ ಮಾತ್ರೆಯನ್ನೇ ಎಲ್ಲಕ್ಕಿಂತ ಮೊದಲು ನುಂಗುತ್ತಾರೆ.

ಆ ದಿನ ಮಧ್ಯಾಹ್ನದ ಊಟ ಮುಗಿದು ಗಿರಾಕಿ ಕಡಿಮೆಯಾಗಿದ್ದ ಹೊತ್ತು. ಡೆಲಿವರಿ ಟೀಶರ್ಟು ಹಾಕಿದ ಹುಡುಗನೊಬ್ಬ ಬಂದು ಕೌಂಟರಿನ ಮುಂದೆ ನಿಂತ. ಮೋಡದ ದಿನ, ಆದರೂ ಕಪ್ಪು ಕನ್ನಡಕ. ನನ್ನ ನಾಲಿಗೆ ನನಗಿಂತ ಮುಂಚೆ ಎದ್ದಿತು.

"ಏನ್ ಗುರೂ, ಶೂಟಿಂಗ್ ಮುಗೀತಾ?"

ಅವನು ಕನ್ನಡಕ ತೆಗೆದ. ಎಡಗಣ್ಣು ತೆರೆದೇ ಇತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಎಡಗೆನ್ನೆ ಜೋತು ಬಿದ್ದಿತ್ತು, ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಅರ್ಧ ಮುಖ ನನ್ನನ್ನು ನೋಡಿ ನಗುತ್ತಿತ್ತು, ಇನ್ನರ್ಧಕ್ಕೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

"ಶೂಟಿಂಗ್ ಮುಗದೈತ್ರಿ ಅಣ್ಣಾರ," ಎಂದ. "ಡಬ್ಬಿಂಗ್ ಅಷ್ಟ ಉಳದೈತಿ." ಡಬ್ಬಿಂಗ್ ಎನ್ನುವಾಗ ತುಟಿ ಕೂಡದೆ ಗಾಳಿ ಎಡಗಡೆಯಿಂದ ಸೋರಿತು.

ನನ್ನ ಬಾಯಿಯನ್ನು ಇಷ್ಟು ಬೇಗ ಯಾರೂ ಮುಚ್ಚಿಸಿರಲಿಲ್ಲ. ಮೇಡಂ ಬಿಲ್ಲಿನಿಂದ ತಲೆ ಎತ್ತಿ ನಕ್ಕರು, ಅದೂ ಅಪರೂಪವೇ.

ಬಾಗಲಕೋಟೆ ಕಡೆಯ ಹುಡುಗ. ಮುಖದ ನರಕ್ಕೆ ಊತ ಬಂದು ಒಂದು ಬದಿ ಬಿದ್ದುಹೋಗುತ್ತದಲ್ಲ, ಆ ಕಾಯಿಲೆ. ಕೆಂಗೇರಿಯಲ್ಲಿ ಅಣ್ಣನ ರೂಮಿನಲ್ಲಿದ್ದಾಗ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದೇ ಕಡೆಯಿಂದ ಹೊರಬಂತಂತೆ. ಅಲ್ಲೇ ಡಾಕ್ಟರಿಗೆ ತೋರಿಸಿ, ಅಲ್ಲೇ ಮಾತ್ರೆ ತೆಗೆದುಕೊಂಡು, ಈಗ ನಮ್ಮ ಲೇಔಟಿನ ತನ್ನ ರೂಮಿಗೆ ವಾಪಸಾಗಿದ್ದ. ಫೋನು ಮುಂದೆ ಹಿಡಿದ.

"ಇದರಾಗ ಮೊದಲನೇ ಗುಳಿಗಿ ಮುಗದಾವ್ರಿ. ಹದಿನೈದ ದಿನಾ ಬರದಾರ. ಐದ ದಿನ ಆತು. ಇನ್ನ ಹತ್ತ ದಿನದ್ದು ಕೊಡ್ರಿ."

"ಚೀಟಿ ಎಲ್ಲಪ್ಪಾ?" ಮೇಡಂ ಕೇಳಿದರು. ಅವರು ದಾವಣಗೆರೆಯವರು, ಅಪ್ಪಾ ಎಂದರೂ ಅದರಲ್ಲಿ ತಪಾಸಣೆ ಇರುತ್ತದೆ.

"ಪ್ಯಾಂಟಿನ ಕಿಸೆದಾಗಿತ್ರಿ ಮೇಡಂ. ನಮ್ಮಣ್ಣನ ವಾಷಿಂಗ್ ಮಷೀನ್ ತಿಂತ್ರಿ. ಫೋಟೋ ಅಷ್ಟ ಉಳದೈತಿ."

ಫೋಟೋವನ್ನು ಅಣ್ಣನೇ ತೆಗೆದದ್ದಂತೆ, ಔಷಧಿ ಕೊಂಡ ಮೇಲೆ, ಊರಿಗೆ ಕಳಿಸಲು. ಮೇಲ್ಭಾಗದ ಕ್ಲಿನಿಕ್ಕಿನ ಹೆಸರು, ಫೋನ್ ನಂಬರು ಚೌಕಟ್ಟಿನಿಂದ ಹೊರಗೆ. ಬಲಗಡೆಯಿಂದ ಅಣ್ಣನ ಹೆಬ್ಬೆರಳು ಬಂದು ಮೊದಲ ಸಾಲಿನ ಕೆಳಗೆ ಅಡ್ಡ ಮಲಗಿತ್ತು. ಮೊದಲ ಸಾಲಿನಲ್ಲಿ ಇಪ್ಪತ್ತು ಮಿಲಿಗ್ರಾಂನ ಸ್ಟೀರಾಯ್ಡ್ ಮಾತ್ರೆ. ಎದುರಿಗೆ 3-0-0, ಅಂದರೆ ಬೆಳಿಗ್ಗೆ ಒಟ್ಟಿಗೆ ಮೂರು, ದಿನಕ್ಕೆ ಅರವತ್ತು ಮಿಲಿಗ್ರಾಂ. ಆಮೇಲೆ ಒಂದು ಗುಣಿಸುವ ಗುರುತು; ಅದರ ಮುಂದೆ ಎಷ್ಟು ದಿನ ಎಂದು ಇರಬೇಕು. ಅಲ್ಲಿ ಮೆಡಿಕಲ್ ಶಾಪಿನ ನೇರಳೆ ಸೀಲು ದಪ್ಪಗೆ ಬಿದ್ದು ಎಲ್ಲ ಕಲಸಿಹೋಗಿತ್ತು. ಸೀಲು ದಾಟಿದ ಮೇಲೆ, ಸ್ಪಷ್ಟವಾಗಿ, 15. ಕೆಳಗೆ ಹೊಟ್ಟೆಗೆ ಒಂದು ಮಾತ್ರೆ, ತಿಂಡಿಗೆ ಮೊದಲು. ಎಡಗಣ್ಣಿಗೆ ಎರಡು ಗಂಟೆಗೊಮ್ಮೆ ಹನಿ. ಎಡಗಣ್ಣಿಗೇ ಮುಲಾಮು, ಮುಂದೆ ಎಚ್‌ಎಸ್ (HS), ಅಂದರೆ ಮಲಗುವ ಹೊತ್ತಿಗೆ.

"ಮೂರು ಸೊನ್ನೆ ಸೊನ್ನೆ, ಇಂಟು ಹದಿನೈದು," ಎಂದು ವಾರ್ತೆ ಓದುವವರ ದನಿಯಲ್ಲಿ ಓದಿ, ರ‍್ಯಾಕಿನಿಂದ ಸ್ಟ್ರಿಪ್ಪುಗಳನ್ನು ತೆಗೆದು ಕೌಂಟರಿನ ಮೇಲೆ ಇಟ್ಟೆ.

ಮೇಡಂ ಸ್ಟ್ರಿಪ್ಪುಗಳ ಮೇಲೆ ಅಂಗೈ ಇಟ್ಟರು.

"ನೀನು ಇದನ್ನ ಓದಿದ್ಯೋ, ಆಕ್ಟ್ ಮಾಡಿದ್ಯೋ?"

"ಬರೆದಿದೆಯಲ್ಲ ಮೇಡಂ, ಹದಿನೈದು."

"ಅರವತ್ತು ಮಿಲಿಗ್ರಾಂ, ಹದಿನೈದು ದಿನ, ಆಮೇಲೆ ಪಟ್ ಅಂತ ನಿಲ್ಲಿಸೋದು? ಸ್ಟೀರಾಯ್ಡನ್ನ ಹಂಗ್ ಬರೆಯೋ ಡಾಕ್ಟ್ರನ್ನ ನಾನಂತೂ ನೋಡಿಲ್ಲ. ಮೆಟ್ಟಿಲು ಇಳಿದಂಗೆ ಇಳಿಸ್ತಾರೆ. ಇಲ್ಲಿ ಮೆಟ್ಟಿಲು ಎಲ್ಲಿದೆ?"

ಹುಡುಗ ನಡುವೆ ಬಾಯಿ ಹಾಕಿದ. "ಕೊಡ್ರಿ ಮೇಡಂ. ಹೆಚ್ಚ ತಗೊಂಡ್ರ ಲಗೂ ಬರತೈತಲ್ರಿ ಮಾರಿ? ಮುಂದಿನ ವಾರ ಊರಿಗೆ ಹೋಗಬೇಕ್ರಿ, ಕನ್ಯಾ ನೋಡಾಕ. ಅವರಿಗೆ ನನ್ನ ಫೋಟೋ ಕಳಸ್ಯಾರ. ಫೋಟೋದಾಗ ಮಾರಿ ಎರಡೂ ಬಾಜೂ ಐತ್ರಿ."

ಅವನು ಅದನ್ನು ತಮಾಷೆಯಾಗಿಯೇ ಹೇಳಿದ. ಆದರೆ ಹೇಳುವಾಗ ಎಡಗಣ್ಣಿನಿಂದ ಸುಮ್ಮನೆ ನೀರು ಇಳಿಯುತ್ತಿತ್ತು, ಅದನ್ನು ಟೀಶರ್ಟಿನ ತೋಳಿನಿಂದ ಒರೆಸಿಕೊಂಡ. ಅಳು ಅಲ್ಲ, ಮುಚ್ಚದ ಕಣ್ಣು ಹಾಗೆ ಸೋರುತ್ತದೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದರೂ ಕೌಂಟರಿನ ಈಚೆ ಒಂದು ಥರಾ ಆಯಿತು.

ಇವತ್ತಿನ ಬೆಳಗಿನ ಮೂರು ಮಾತ್ರೆ ನುಂಗಿ ಆಗಿತ್ತು. ನಾಳೆ ಬೆಳಗಿನ ತಿಂಡಿಯ ನಂತರ ಎಷ್ಟು ನುಂಗಬೇಕು ಎಂಬುದು ತಿಳಿಯಬೇಕಿತ್ತು. ಮೂರೇ? ಕಡಿಮೆಯೇ? ಒಂದೂ ಇಲ್ಲವೇ? ಉತ್ತರ ಆ ಸೀಲಿನ ಕೆಳಗೂ ಆ ಹೆಬ್ಬೆರಳಿನ ಕೆಳಗೂ ಇತ್ತು.

ಫೋನು ಹತ್ತಿರ ತಂದುಕೊಂಡು, ಬಿಲ್ಲು ಮಗುಚಿ, ಪೆನ್ನು ಹಿಡಿದೆ. ಬರೆದವರ ಕೈ ನನಗೆ ಹತ್ತಲಿಲ್ಲ. ಅಕ್ಷರಗಳೆಲ್ಲ ಹಿಂದಕ್ಕೆ ಒರಗಿದ್ದವು, ಬಸ್ಸಿನಲ್ಲಿ ಬ್ರೇಕ್ ಹಾಕುವ ಮೊದಲೇ ಹಿಂದಕ್ಕೆ ವಾಲಿ ನಿಂತವರಂತೆ. ಮಾತ್ರೆಗೆ ಬರೆಯುವ ಇಂಗ್ಲಿಷಿನ ಟಿ ಅಕ್ಷರದ ಮೇಲಿನ ಅಡ್ಡಗೆರೆ ಬಲಗಡೆ ದಪ್ಪ, ಎಡಗಡೆಗೆ ಹೋಗುತ್ತ ಸಣ್ಣ. ನಾನು ಎಳೆದರೆ ಎಡಗಡೆ ದಪ್ಪ, ಬಲಗಡೆ ಸಣ್ಣ. ನಾಲ್ಕು ಸಲ ಎಳೆದೆ. ನಾಲ್ಕೂ ಸಲ ಹಾಗೇ. ಆಮೇಲೆ ಪೆನ್ನನ್ನು ಎಡಗೈಗೆ ಬದಲಾಯಿಸಿದೆ. ಗೆರೆ ಬಲದಿಂದ ಎಡಕ್ಕೆ ತಾನೇ ಓಡಿತು. ಸೊನ್ನೆಗಳೂ ಬೇರೆ ದಿಕ್ಕಿನಲ್ಲಿ ಸುತ್ತಿ ಮುಚ್ಚಿಕೊಂಡವು. ಕೊಳಕಾಗಿ ಬಂದರೂ ಜಾತಿ ಅದೇ.

"ಮೇಡಂ, ಈ ಡಾಕ್ಟ್ರು ಎಡಚರು."

"ಆಮೇಲೆ?"

"ಈ ಹದಿನೈದು ಎಡಗೈಲಿ ಬರ್ತಾ ಇಲ್ಲ." ಐದರ ಮೇಲಿನ ಟೋಪಿ ಎಡದಿಂದ ಬಲಕ್ಕೆ ಹೋಗಿತ್ತು, ಅಂಕಿ ಮುಂದಕ್ಕೆ ಬಾಗಿತ್ತು. ಬಲಗೈಯಿಂದ ಬರೆದೆ, ಒಂದೇ ಏಟಿಗೆ ಬಂತು. "ಇದು ಬೇರೆ ಯಾರೋ ಬರೆದಿದ್ದು."

ಮೇಡಂ ಕನ್ನಡಕ ಏರಿಸಿ ಫೋಟೋ ನೋಡಿದರು, ಆಮೇಲೆ ನನ್ನ ಕೈ ನೋಡಿದರು.

"ಅಂಗಡಿಯವನು ಬರೆದಿದ್ದು. ನೀನೂ ದಿನಾ ಅದನ್ನೇ ಮಾಡೋದಲ್ವೇನೋ? ಸೀಲ್ ಹೊಡಿ, ಪಕ್ಕದಲ್ಲಿ ಎಷ್ಟು ಮಾತ್ರೆ ಕೊಟ್ಟೆ ಅಂತ ಬರಿ."

ನಿಜ. ಕೊಟ್ಟದ್ದರ ಗುರುತಿಗೆ ಚೀಟಿಯ ಮೇಲೆ ಸೀಲು, ತಾರೀಖು, ಎಷ್ಟು ಕೊಟ್ಟೆವು ಎಂಬ ಅಂಕಿ. ನಾವು ಔಷಧಿ ಅಂಗಡಿಯವರಿಗೆ ಇದು ಉಸಿರಾಡಿದಷ್ಟು ಸಹಜ. ಎದುರಿಗೆ ಕಾಗದವಿದ್ದಾಗ ಡಾಕ್ಟರ ಇಂಕು ಬೇರೆ, ನಮ್ಮ ಇಂಕು ಬೇರೆ ಎಂದು ಕಾಣುತ್ತದೆ. ಅದೇ ಕಾಗದ ಫೋಟೋ ಆಗಿ, ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗಿ ಬಂದರೆ ಎಲ್ಲ ಇಂಕೂ ಒಂದೇ ಇಂಕು, ಎಲ್ಲ ಅಂಕಿಯೂ ಡಾಕ್ಟರದ್ದೇ.

"ಎಷ್ಟು ಮಾತ್ರೆ ಕೊಟ್ಟಿದ್ರಪ್ಪಾ ಅವರು?" ಮೇಡಂ ಹುಡುಗನನ್ನು ಕೇಳಿದರು.

"ಲೆಕ್ಕಾ ಮಾಡಿಲ್ರಿ. ದಿನಾ ಮೂರು, ಐದ ದಿನ ಬಂದು..." ಅವನು ಅಲ್ಲಿಗೇ ನಿಂತ. ಬಲಗಡೆಯ ಹುಬ್ಬು ಮೇಲೆ ಹೋಯಿತು. "ಹದಿನೈದ ಗುಳಿಗಿರೀ!"

"ಇನ್ನೇನಾದ್ರೂ ಹೇಳಿದ್ರಾ?"

"ಇನ್ನೊಂದು ಗುಳಿಗಿ ಸ್ಟಾಕ್ ಇಲ್ಲ, ನಾಳೆ ಬಾ ಅಂದಿದ್ರು. ನಾ ಹೋಗ್ಲಿಲ್ರಿ. ಇಷ್ಟ ಇದ್ವಲ್ಲ, ಸಾಕು ಅಂದ್ಕೊಂಡೆ."

ಆಗಲೇ ನನಗೆ ಅದು ಕಂಡದ್ದು. ಹೆಬ್ಬೆರಳಿನ ಉಗುರಿನ ಎಡಕ್ಕೆ, ನೆರಳಿನ ಅಂಚಿನಲ್ಲಿ, ಒಂದು ಸಣ್ಣ ಗೆರೆ ಕೆಳಗೆ ಇಳಿದು ಎರಡು ರೆಕ್ಕೆ ಬಿಟ್ಟಿತ್ತು. ಬಾಣ. ಕೆಳಗೆ ಮುಖ ಮಾಡಿದ ಬಾಣ. ಔಷಧಿ ಚೀಟಿಯಲ್ಲಿ ಅದಕ್ಕೆ ಒಂದೇ ಅರ್ಥ: ಇನ್ನು ಡೋಸ್ ಇಳಿಸುತ್ತ ಬನ್ನಿ. ಎಷ್ಟೆಷ್ಟು ಇಳಿಸಬೇಕು, ಎಷ್ಟು ದಿನ, ಅದೆಲ್ಲ ಬೆರಳಿನಡಿಯಲ್ಲಿ.

ನಾನು ಫೋನನ್ನು ಮೆಲ್ಲಗೆ ಎಡಕ್ಕೆ ವಾಲಿಸಿ, ಬೆರಳಿನ ಕೆಳಗೆ ಇಣುಕಿದೆ.

ಆಮೇಲೆ ಹುಡುಗ ಕೇಳಿದ: "ಕಾಣತೈತೇನ್ರಿ ಅಣ್ಣಾರ? ಇನ್ನ ಸ್ವಲ್ಪ ವಾಲಸ್ರಿ, ನಮ್ಮಣ್ಣನ ಉಂಗುರಾನೂ ಕಾಣಬಹುದು."

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎರಡು ವರ್ಷ ಬೀದಿಯವರನ್ನೆಲ್ಲ ಆಡಿಕೊಂಡ ಪಾಪ ಒಂದೇ ಮಧ್ಯಾಹ್ನ ತೀರುತ್ತಿತ್ತು.

ಸಾಮಾನ್ಯವಾಗಿ ಈ ಕಾಯಿಲೆಗೆ ಹೇಗೆ ಇಳಿಸುತ್ತಾರೆ ಎಂಬುದು ನನಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ಸಾಮಾನ್ಯವಾಗಿ ಅಂತ ಚೀಟಿಯಲ್ಲಿ ಯಾವ ಡಾಕ್ಟ್ರೂ ಬರೆಯಲ್ಲ. ಇವನಿಗೆ ಏನು ಬರೆದಿದ್ದಾರೆ ಅಂತ ಗೊತ್ತಾಗೋವರೆಗೂ ಇದು ಇಲ್ಲೇ ಇರ್ಲಿ." ಸ್ಟ್ರಿಪ್ಪುಗಳು ರ‍್ಯಾಕಿಗೆ ವಾಪಸಾದವು.

ಹುಡುಗನ ತಮಾಷೆ ಅಲ್ಲಿಗೆ ಮುಗಿಯಿತು. "ಇರಲಿ ಬಿಡ್ರಿ. ಮುಂದಿನ ಅಂಗಡ್ಯಾಗ ಕೊಡ್ತಾರ," ಎಂದು ಕೈ ಚಾಚಿದ. ಕೊಡುತ್ತಾರೆ, ಅದೇ ನನ್ನ ಹೆದರಿಕೆ. ಫೋಟೋದಲ್ಲಿ 15 ಎಷ್ಟು ಸ್ಪಷ್ಟವಾಗಿತ್ತೆಂದರೆ ನಾನೇ ಕೊಟ್ಟುಬಿಡುವವನಿದ್ದೆ.

"ಫೋನ್ ನನ್ ಕೈಲಿದೆ ಗುರು. ಕ್ಲಿನಿಕ್ ಎಲ್ಲಿದೆ ಹೇಳು."

"ಕೆಂಗೇರ್ಯಾಗ. ಬಸ್‌ಸ್ಟ್ಯಾಂಡ್ ಹಿಂದ, ಬೇಕರಿ ಮ್ಯಾಲ. ಹೆಸರ ಗೊತ್ತಿಲ್ಲ. ಸಂಜೀಕಷ್ಟ ತಗೀತಾರ."

"ನಡಿ, ಹೋಗೋಣ. ನಾಳೆ ತಿಂಡಿ ತಿನ್ನೋದ್ರೊಳಗೆ ನಿಂಗೆ ಉತ್ತರ ಬೇಕು. ನಂಗೂ ಬೇಕು."

ಮೇಡಂ ಕಡೆ ನೋಡಿದೆ. ಹೋಗು ಎಂದು ತಲೆ ಆಡಿಸಿದರು. "ಅಲ್ಲಿ ಹೋಗಿ ಡಾಕ್ಟ್ರ ಮುಂದೆ ಕುಣೀಬೇಡ," ಎಂದಷ್ಟೇ ಸೇರಿಸಿದರು.

ಮುಚ್ಚದ ಕಣ್ಣಿಟ್ಟುಕೊಂಡು ಬೈಕು ಬೇಡವೆಂದು ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆವು. ನಾಯಂಡಹಳ್ಳಿ ದಾಟುವವರೆಗೆ ಅವನು ಮುಖ ಆಚೆ ತಿರುಗಿಸಿ ಕೂತಿದ್ದ. ಆಮೇಲೆ ಕಿಟಕಿಯ ಗಾಜಿನಲ್ಲೇ ನನ್ನನ್ನು ನೋಡಿ ಕೇಳಿದ.

"ಅಲ್ರೀ, ಕುಣೀಬ್ಯಾಡ ಅಂದ್ರಲ್ಲ ಮೇಡಂ, ಯಾಕ?"

ನನ್ನ ಚಾಳಿ ಹೇಳಿದೆ.

"ಎಲ್ಲಾರದೂ ಮಾಡ್ತೀರಿ?"

"ಮಾಡ್ತೀನಿ."

"ಹಂಗಾರ ನಂದು ಮಾಡ್ರಿ."

"ಬೇಡ ಮಗಾ."

"ಮಾಡ್ರಿ, ನಾ ಏನ್ ಅನಕೊಳ್ಳಾಂಗಿಲ್ಲ. ರೂಮಿನ್ಯಾಗ ಎಲ್ಲಾರೂ ನನ್ನ ಮಾರಿ ನೋಡಿ ಆಕಡೆ ತಿರಗತಾರ. ನೀವರ ಸರಿಯಾಗಿ ನೋಡ್ರಿ."

ಹಾಗೆಂದ ಮೇಲೆ ಹೇಗೆ ಬಿಡುವುದು? ಗಾಜಿನಲ್ಲಿ ನನ್ನ ಮುಖ ನೋಡಿಕೊಂಡು ಎಡಗೆನ್ನೆ ಸಡಿಲ ಬಿಟ್ಟೆ. ಬಲಗಡೆ ನಕ್ಕೆ. ಎಡಗಡೆಯೂ ನಕ್ಕಿತು. ಎಡಗಣ್ಣು ಬಿಟ್ಟುಕೊಂಡು ಬಲಗಣ್ಣು ಮುಚ್ಚಿದೆ. ಎಡಗಡೆಯ ಹುಬ್ಬು ತಾನೇ ಏನೋ ಮಾತಾಡಿತು. ಎಷ್ಟು ಸಲ ಮಾಡಿದರೂ ಅಷ್ಟೇ. ಎದುರು ಸೀಟಿನ ಪುಟ್ಟ ಹುಡುಗಿ ತಾಯಿಯ ಮಡಿಲಿಗೆ ಮುಖ ಒತ್ತಿಕೊಂಡು ನಕ್ಕಳು. ನನ್ನ ಮುಖದ ಎಡಭಾಗ ಸುಮ್ಮನಿರಲು ಒಪ್ಪಲೇ ಇಲ್ಲ.

"ಬರ್ತಾ ಇಲ್ಲ ಕಣೋ," ಎಂದೆ. "ಇದು ಸುಮ್ನೆ ಇರಲ್ಲ ಅಂತಿದೆ."

"ನಂದು ಏಳೂದ ಒಲ್ಲೆ ಅಂತೈತಿ." ಅವನು ಗಾಜಿಗೆ ಹಣೆ ಆನಿಸಿದ. "ವಾರದ ಮಟ್ಟಿಗೆ ಅದಲು ಬದಲು ಮಾಡಕೊಳ್ಳೂಣೇನ್ರಿ? ಕನ್ಯಾ ನೋಡಿ ಬಂದು ವಾಪಸ್ ಕೊಡ್ತೀನಿ."

ಇಬ್ಬರೂ ನಕ್ಕೆವು. ಲೆಕ್ಕ ಹಾಕಿದರೆ ಒಂದೂವರೆ ಮುಖ.

ಬೇಕರಿಯ ಮೇಲಿನ ಕ್ಲಿನಿಕ್ಕಿಗೆ ಬೀಗ ಹಾಕಿತ್ತು. ಕೆಳಗೆ ಟೀ ಕುಡಿಯುತ್ತ ಕಾದೆವು. ಅವನು ಬಲಗಡೆಗೆ ತಲೆ ವಾಲಿಸಿ, ಎಡತುಟಿಯನ್ನು ಬೆರಳಿನಿಂದ ಹಿಡಿದು ಕುಡಿದ. ಬೀಗ ತೆಗೆಯಲು ಬಂದ ಆಯಾ ಮೊದಲು ಟೋಕನ್ ಎಂದರು. ಟೋಕನ್ ತೆಗೆದುಕೊಂಡೆವು. ಅಷ್ಟರಲ್ಲಿ ನನ್ನ ತಲೆಯಲ್ಲಿ ಡಾಕ್ಟರು ಪೂರ್ತಿ ತಯಾರಾಗಿದ್ದರು: ಸಣಕಲ ಮೈ, ಮೂಗಿನ ತುದಿಯಲ್ಲಿ ಕನ್ನಡಕ, ಮಾತಿಗೊಮ್ಮೆ ಸಿಡುಕುವ ಮುದುಕ. ಅವರ ಸಿಡುಕಿನ ದನಿಯನ್ನೂ ಅಭ್ಯಾಸ ಮಾಡಿಕೊಂಡಿದ್ದೆ.

ಮೆಟ್ಟಿಲು ಹತ್ತಿ ಬಂದವರು ಕಾಟನ್ ಸೀರೆಯುಟ್ಟ, ಗುಂಡುಮುಖದ, ಕೈಯಲ್ಲಿ ಹೆಲ್ಮೆಟ್ ಹಿಡಿದ ಹೆಂಗಸು. ನೇರ ಒಳಗೆ ನಡೆದರು.

"ಆಂಟಿ, ಟೋಕನ್ ತಗೊಳ್ಳಿ, ನಾವು ಫಸ್ಟು," ಎಂದೆ.

"ಹೌದಾ? ಸರಿ, ಬನ್ನಿ ಹಾಗಾದ್ರೆ," ಎಂದು ಅವರು ಡಾಕ್ಟರ ಕುರ್ಚಿಯಲ್ಲಿ ಕೂತು, ಎಡಗೈಯಲ್ಲಿ ಪೆನ್ನು ತೆಗೆದುಕೊಂಡರು.

ಹುಡುಗ ನನ್ನ ಪಕ್ಕೆಗೆ ತಿವಿದ. ಅವನಿಗೆ ಡಾಕ್ಟರು ಯಾರೆಂದು ಮೊದಲೇ ಗೊತ್ತಿತ್ತು, ಬೇಕೆಂದೇ ಹೇಳಿರಲಿಲ್ಲ.

ನಾನು ಔಷಧಿ ಅಂಗಡಿಯವನೆಂದು ಹೇಳಿ, ಫೋಟೋ ತೋರಿಸಿ, ಇದರಲ್ಲಿ ಎಡಗೈಯ ಬರಹ ನಿಮ್ಮದು, ಬಲಗೈಯ ಹದಿನೈದು ಬೇರೆಯವರದ್ದಿರಬೇಕು ಎಂದೆ. ಡಾಕ್ಟರು ಫೋಟೋ ದೊಡ್ಡದು ಮಾಡಿ ನೋಡಿದರು, ಆಮೇಲೆ ತಮ್ಮ ರೋಗಿಗಳ ಪುಸ್ತಕ ತಿರುವಿ ಅದನ್ನೂ ನೋಡಿದರು.

"ಈ ಅಕ್ಷರ ನನ್ನದು. ಈ ಹದಿನೈದು ನನ್ನದಲ್ಲ. ಈ ಬೆರಳಂತೂ ನನ್ನದಲ್ವೇ ಅಲ್ಲ." ಹುಡುಗನ ಕಡೆ ತಿರುಗಿದರು. "ಅರವತ್ತು ಮಿಲಿಗ್ರಾಂ ಐದೇ ದಿನ. ಆಮೇಲೆ ದಿನಕ್ಕೆ ಹತ್ತು ಇಳಿಸ್ತಾ ಬಂದು ನಿಲ್ಲಿಸೋದು. ಸೀಲಿನ ಕೆಳಗೆ ಐದು ಇದೆ, ಬೆರಳಿನ ಕೆಳಗೆ ಉಳಿದಿದ್ದಿದೆ. ನಿಂಗೆ ಬಾಯಲ್ಲೂ ಹೇಳಿದ್ನಲ್ಲಪ್ಪಾ?"

"ಹೇಳಿದ್ರಿ ಮೇಡಂ. ಆವತ್ತ ನಂಗ ಏನೂ ತಲಿಗೆ ಹೋಗ್ಲಿಲ್ರಿ."

ಅರ್ಧ ಮುಖ ಹೋದ ದಿನ ಯಾರ ತಲೆಗೆ ಏನು ಹೋಗುತ್ತದೆ? ಡಾಕ್ಟರೂ ಗದರಲಿಲ್ಲ.

"ಇನ್ನ ಹತ್ತ ದಿನ ಮೂರ ಮೂರ ತಗೊಂಡ್ರ ಲಗೂನ ಸರಿ ಆಗಾಂಗಿಲ್ಲೇನ್ರಿ?" ಅವನು ಕೊನೆಯ ಪ್ರಯತ್ನ ಮಾಡಿದ.

"ಮಾತ್ರೆ ಜಾಸ್ತಿ ತಿಂದ್ರೆ ಶುಗರ್ ಏಳತ್ತೆ, ಹೊಟ್ಟೆ ಉರಿಯತ್ತೆ, ನಿದ್ದೆ ಹೋಗತ್ತೆ. ನರ ಮಾತ್ರ ಅದರ ಟೈಮಿಗೇ ಏಳೋದು. ಕೆಲವರಿಗೆ ಮೂರು ವಾರ, ಕೆಲವರಿಗೆ ಮೂರು ತಿಂಗಳು. ಹೆಚ್ಚಿನವರಿಗೆ ವಾಪಸ್ ಬರತ್ತೆ. ಎಲ್ಲಿ, ಹುಬ್ಬು ಎತ್ತು."

ಬಲಗಡೆ ಮಾತ್ರ ಎದ್ದಿತು.

"ಕಣ್ಣು ಗಟ್ಟಿಯಾಗಿ ಮುಚ್ಚು."

ಎಡರೆಪ್ಪೆ ಅರ್ಧ ದಾರಿಗೆ ಬಂದು ನಿಂತಿತು. "ಹೋದ ಸಲ ಇಷ್ಟೂ ಬಂದಿರ್ಲಿಲ್ಲ. ಮುಲಾಮು ಯಾವಾಗ ಹಾಕ್ತಾ ಇದ್ದೀಯ?"

"ಮುಂಜಾನೆ ಎದ್ದ ಕೂಡಲೇರಿ. ಇಡೀ ದಿನ ಮಬ್ಬ ಮಬ್ಬ ಕಾಣತೈತಿ."

"ಅದಕ್ಕೇ ಎಚ್‌ಎಸ್ ಅಂತ ಬರೆದಿದ್ದು, ಮಲಗೋವಾಗ. ಹಾಕ್ಕೊಂಡು, ರೆಪ್ಪೆ ಮುಚ್ಚಿ ಟೇಪ್ ಅಂಟಿಸ್ಕೋ. ಹಗಲು ಹನಿ, ರಾತ್ರಿ ಮುಲಾಮು. ಮುಖ ಸ್ವಲ್ಪ ಸೊಟ್ಟಗಿದ್ರೂ ಬದುಕಬಹುದು, ಕಣ್ಣು ಒಣಗಿದ್ರೆ ಕಷ್ಟ."

ಕನ್ಯೆಯ ವಿಷಯ ನಾನೇ ಹೇಳಿದೆ. ಅವನು ನನ್ನ ಕಾಲು ತುಳಿದ. ಡಾಕ್ಟರು ಹೊಸ ಚೀಟಿ ತೆಗೆದುಕೊಳ್ಳುತ್ತ, "ಹೋಗಿ ಬಾ. ಏನಾಗಿದೆ ಅಂತ ನೇರವಾಗಿ ಹೇಳು. ಅಷ್ಟಕ್ಕೆ ಬೇಡ ಅನ್ನೋರಾದ್ರೆ ಮುಂದೆ ನಿಂಗೆ ನೆಗಡಿ ಬಂದ್ರೂ ತವರಿಗೆ ಹೋಗ್ತಾರೆ," ಎಂದರು.

ಈ ಸಲ ಅವರು ಯಾವ ಸಂಕೇತವನ್ನೂ ಬಳಸಲಿಲ್ಲ. ಹತ್ತು ಮಿಲಿಗ್ರಾಂನ ಮಾತ್ರೆ ಎಂದು ಬರೆದು, ಕೆಳಗೆ ದಿನಕ್ಕೊಂದು ಸಾಲು, ಕನ್ನಡದಲ್ಲೇ. ನಾಳೆ ಬೆಳಿಗ್ಗೆ ಐದು. ಮಾರನೆಯ ದಿನ ನಾಲ್ಕು. ಆಮೇಲೆ ಮೂರು, ಎರಡು, ಒಂದು. ನಿಲ್ಲಿಸಿ. ಎಲ್ಲಕ್ಕೂ ಮುಂದೆ, ತಿಂಡಿ ಆದ ಮೇಲೆ. ಸಾಲುಗಳೆಲ್ಲ ಹಿಂದಕ್ಕೆ ಒರಗಿಕೊಂಡು ಸಾಗಿದವು. ನಾನು ಕಣ್ಣು ಕೀಳದೆ ಆ ಮಣಿಕಟ್ಟನ್ನೇ ನೋಡುತ್ತಿದ್ದೆ.

"ಎಡಗೈ ಅಂತ ಹೇಗೆ ಗೊತ್ತಾಯ್ತು ನಿಮಗೆ?" ಎಂದರು. ಜೇಬಿನಲ್ಲಿದ್ದ ಬಿಲ್ಲಿನ ಹಿಂಬದಿ ತೋರಿಸಿದೆ. ಅವರ ಮೂರು-ಸೊನ್ನೆ-ಸೊನ್ನೆ ನನ್ನ ಕೈಯಲ್ಲಿ. ಡಾಕ್ಟರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಜೋರಾಗಿ ನಕ್ಕರು.

"ಚೆನ್ನಾಗಿದೆ ಕಣ್ರೀ. ಇನ್ನೂ ಚೆನ್ನಾಗಿ ಕಲೀಬೇಡಿ, ಪೊಲೀಸ್ ಬರ್ತಾರೆ." ಆ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಹೊಸ ಚೀಟಿಯ ಮೂಲೆಯಲ್ಲಿ ತಮ್ಮ ಫೋನ್ ನಂಬರು ಬರೆದರು. "ಇನ್ಮೇಲೆ ಅನುಮಾನ ಬಂದ್ರೆ ಆಕ್ಟ್ ಮಾಡೋಕೆ ಮುಂಚೆ ಫೋನ್ ಮಾಡಿ."

ದಾವಣಗೆರೆಯ ನಮ್ಮ ಮೇಡಂಗೂ ಕೆಂಗೇರಿಯ ಈ ಡಾಕ್ಟರಿಗೂ ಮಾತುಕತೆ ಯಾವಾಗ ಆಯಿತೋ ನನಗೆ ಗೊತ್ತಾಗಲಿಲ್ಲ.

ಅಂಗಡಿಗೆ ಬಂದಾಗ ದೀಪ ಹತ್ತಿತ್ತು. ಹತ್ತು ಮಿಲಿಗ್ರಾಂನ ಸ್ಟ್ರಿಪ್ಪು ತೆಗೆದು ಎಣಿಸಿದೆ. ಐದು, ನಾಲ್ಕು, ಮೂರು, ಎರಡು, ಒಂದು. ಕೂಡಿಸಿದೆ. ಮತ್ತೊಮ್ಮೆ ಕೂಡಿಸಿದೆ.

"ಮೇಡಂ, ಹದಿನೈದು."

"ಮತ್ತೆ ಹದಿನೈದಾ?"

"ಶನಿ ಬಿಟ್ಟರೂ ಹದಿನೈದು ಬಿಡಲ್ಲ ಮೇಡಂ."

ಸೀಲನ್ನು ಇಂಕಿಗೆ ಒತ್ತಿ ಚೀಟಿಯ ಮೇಲೆ ಎತ್ತಿದ ಕೈ ತಡೆಯಿತು. ಎಲ್ಲಿ ಹೊಡೆಯಲಿ? ಚೀಟಿಯನ್ನು ಮಗುಚಿ, ಹಿಂದೆ, ಖಾಲಿ ಜಾಗದಲ್ಲಿ ಹೊಡೆದೆ. ಪಕ್ಕದಲ್ಲಿ ಬರಿಯ ಅಂಕಿ ಬರೆಯಲಿಲ್ಲ. ಹದಿನೈದು ಮಾತ್ರೆ ಕೊಟ್ಟಿದೆ ಎಂದು ಅಕ್ಷರದಲ್ಲಿ ಬರೆದೆ. ಮೇಡಂ ನೋಡಿದರು. ಮಾರನೆಯ ದಿನ ನೋಡಿದರೆ ಅವರೂ ಚೀಟಿ ಮಗುಚುತ್ತಿದ್ದರು. ಈಗ ನಮ್ಮ ಅಂಗಡಿಯಲ್ಲಿ ಅದೇ ಪದ್ಧತಿ.

ಆಮೇಲೆ ಅವನ ಕೈಯಲ್ಲಿ ಹೊಸ ಚೀಟಿಯ ಫೋಟೋ ತೆಗೆಸಿದೆ. ಕೌಂಟರಿನ ಮೇಲೆ ಹರಡಿ, ಮೇಲಿನ ಹೆಸರಿನಿಂದ ಕೆಳಗಿನ ಸಹಿಯವರೆಗೆ. ಬೆರಳು ಬೇಡ, ನೆರಳು ಬೇಡ, ತಿಂಡಿ ಬೇಡ. ಮೂರು ಸಲ ತೆಗೆದ ಮೇಲೆ ಒಪ್ಪಿದೆ. "ಪಾಸ್‌ಪೋರ್ಟ್ ಫೋಟೋಕ್ಕೂ ಇಷ್ಟ ಕಾಡಿರಲಿಲ್ರಿ," ಎಂದು ಗೊಣಗಿಕೊಂಡು ಹೋದ.

ಮರುದಿನ ತಿಂಡಿ ಹೊತ್ತಿಗೆ ಶಾಪಿನ ಫೋನಿಗೆ ಒಂದು ಫೋಟೋ ಬಂತು. ಅಂಗೈ ಮೇಲೆ ಐದು ಮಾತ್ರೆ. ಅದರ ಮರುದಿನ ನಾಲ್ಕು. ಕೊನೆಯ ದಿನ ಒಂದು. ಆಮೇಲೆ ಖಾಲಿ ಅಂಗೈ. ಆಮೇಲೆ ಸುದ್ದಿಯಿಲ್ಲ.

ಎರಡು ತಿಂಗಳು ಕಳೆದಿರಬೇಕು. ಕೌಂಟರಿನ ಮುಂದೆ ಕಪ್ಪು ಕನ್ನಡಕ ಬಂದು ನಿಂತಿತು. ಈ ಸಲ ನಾನು ಬಾಯಿ ಬಿಡಲಿಲ್ಲ.

"ಯಾಕ್ರೀ, ಶೂಟಿಂಗ್ ಕೇಳಂಗಿಲ್ಲೇನು?"

"ಕನ್ಯಾ ಏನಂದ್ಲು, ಮೊದ್ಲು ಅದು ಹೇಳು."

"ನಗೂದ ನಿಮ್ಮದು ಹಿಂಗ ಐತೇನು ಅಂತ ಕೇಳಿದ್ಲು. ಅರ್ಧಾ ಈಗ, ಅರ್ಧಾ ಆಮ್ಯಾಲ ಅಂದೆ. ಹಂಗಾರ ಉಳದದ್ದು ತಗೊಂಡು ಇನ್ನೊಮ್ಮೆ ಬರ್ರಿ ಅಂದ್ಲು." ಹೊಸ ಟೀಶರ್ಟಿನ ಕಾಲರು ಸರಿಮಾಡಿಕೊಂಡ. "ಇವತ್ತ ರಾತ್ರಿ ಬಸ್ಸಿಗಿ ಹೊಂಟೀನಿ."

"ಉಳದದ್ದು ಬಂತಾ?"

ಅವನು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ. ನಮ್ಮ ಬಿಲ್ಲು ಮಗುಚಿ, ಪೆನ್ನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿ, ನಾಲಿಗೆ ತುದಿ ಹೊರಗೆ ಹಾಕಿ ಗೀಚಿದ. "ಮೇಡಂ, ಈ ಡಾಕ್ಟ್ರು ಎಡಚರು," ಎಂದ, ನನ್ನ ದನಿಯಲ್ಲಿ, ನನ್ನ ಬೆಂಗಳೂರು ಕನ್ನಡದಲ್ಲಿ. ಆಮೇಲೆ ತನ್ನ ಫೋನು ಎತ್ತಿ, ಕಣ್ಣಿನ ಮಟ್ಟಕ್ಕೆ ತಂದು, ಮೆಲ್ಲಗೆ ಎಡಕ್ಕೆ ವಾಲಿಸಿ, ಯಾರದೋ ಹೆಬ್ಬೆರಳಿನ ಕೆಳಗೆ ಇಣುಕಿದ.

ಮೇಡಂ ಬಿಲ್ಲಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ನಾನು ಅವನ ಹುಬ್ಬನ್ನು ನೋಡುತ್ತಿದ್ದೆ. ಫೋನು ವಾಲಿದಷ್ಟೂ ಅದು ಮೇಲೇರುತ್ತಿತ್ತು. ಎಡಗಡೆಯದು.